ಎರಡನೇ ಶನಿವಾರ, ನಾಲ್ಕನೇ ಶನಿವಾರ, ಹಬ್ಬದ ರಜೆ ಎಲ್ಲ ಬಿಟ್ಟು ಕೆಲಸದ ದಿನ ಎಣಿಸೋದು ಹೇಗೆ

2025ರ ದಸರಾ ಹೊತ್ತಿನ ಮಾತು. ನಾನು ಲೆಕ್ಕ ಬರೆದುಕೊಡುವ ಒಂದು ಮರಗೆಲಸದ ಅಂಗಡಿಯವರು ರಾಜ್ಯ ಸರ್ಕಾರದ ಒಂದು ಕಚೇರಿಗೆ ಮೇಜು, ಬೆಂಚು ಮಾಡಿಕೊಡಲು ಒಪ್ಪಿಕೊಂಡಿದ್ದರು. ಆದೇಶ ಕೈಗೆ ಬಂದಿದ್ದು ಸೆಪ್ಟೆಂಬರ್ 29, ಸೋಮವಾರ. ಆ ದಿನ ಬಿಟ್ಟು 21 ಕೆಲಸದ ದಿನಗಳ ಒಳಗೆ ಮಾಲು ತಲುಪಿಸಬೇಕು, ತಡವಾದರೆ ದಿನಕ್ಕಿಷ್ಟು ದಂಡ ಅಂತ ಆದೇಶದಲ್ಲೇ ಬರೆದಿತ್ತು. ಮಾಲು ಇಳಿಸಿದ್ದು ಅಕ್ಟೋಬರ್ 31, ಶುಕ್ರವಾರ. ಬಿಲ್ ಪಾಸಾಗಿ ಬಂದಾಗ ನೋಡಿದರೆ ಎರಡು ದಿನದ ದಂಡ ಹಿಡಿದುಕೊಂಡಿದ್ದಾರೆ.

ಅಂಗಡಿಯ ಯಜಮಾನರು ನನಗೆ ಫೋನ್ ಮಾಡಿ, "ಅಲ್ಲ ಸಾರ್, ನನ್ನ ಮಗ ಕಂಪ್ಯೂಟರಲ್ಲಿ ಹಾಕಿ ನೋಡಿದಾನೆ, ಹತ್ತೊಂಬತ್ತೇ ದಿನ ಆಗಿರೋದು, ಇವರು ಇಪ್ಪತ್ತಮೂರು ಅಂತಾರೆ" ಅಂದರು. ಕಚೇರಿಯ ಗುಮಾಸ್ತರನ್ನು ಕೇಳಿದರೆ ಅವರೂ ಕಂಪ್ಯೂಟರಲ್ಲೇ ಹಾಕಿದ್ದು. ಎರಡೂ ಕಡೆ ಫಾರ್ಮುಲಾ ಇದೆ, ಎರಡೂ ಕಡೆ ಹಬ್ಬದ ರಜಾ ಪಟ್ಟಿ ಇದೆ, ಉತ್ತರ ಮಾತ್ರ ಬೇರೆ ಬೇರೆ. ಕೂತು ಎಣಿಸಿದೆ. ಎರಡೂ ತಪ್ಪು. ಸರಿಯಾದ ಉತ್ತರ 21, ಅಂದರೆ ಮಾಲು ಕೊನೆಯ ದಿನವೇ ತಲುಪಿತ್ತು, ಒಂದು ದಿನವೂ ತಡವಾಗಿರಲಿಲ್ಲ.

ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ಹೇಳಿದರೆ ಇಡೀ ವಿಷಯ ಹೇಳಿದ ಹಾಗೆ. ಅದಕ್ಕೇ ಇದೇ ಲೆಕ್ಕವನ್ನು ಹಿಡಿದುಕೊಂಡು ಶೀಟನ್ನು ಮೊದಲಿಂದ ಕಟ್ಟೋಣ. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆ ಆಫೀಸ್ ಮೂರರಲ್ಲೂ ಇದೇ ಫಾರ್ಮುಲಾಗಳಿವೆ. ಲಿಬ್ರೆ ಆಫೀಸಿನಲ್ಲಿ ಮಾತ್ರ ಶೀಟಿನ ಹೆಸರಾದ ಮೇಲೆ `!` ಬದಲು ಚುಕ್ಕೆ ಹಾಕಿ, `Raje.$A$2:$A$200` ಅಂತ. ಎಕ್ಸೆಲ್ ಆದರೆ 2010 ಅಥವಾ ಅದಕ್ಕಿಂತ ಹೊಸದು ಬೇಕು.

ಹತ್ತೊಂಬತ್ತು ಎಲ್ಲಿಂದ ಬಂತು, ಇಪ್ಪತ್ತಮೂರು ಎಲ್ಲಿಂದ ಬಂತು

ಕೆಲಸದ ದಿನ ಎಣಿಸಲು ಎಲ್ಲರೂ ಮೊದಲು ಬಳಸೋದು ಈ ಫಾರ್ಮುಲಾ. A2ನಲ್ಲಿ ಶುರುವಿನ ದಿನ, B2ನಲ್ಲಿ ಮುಗಿದ ದಿನ, ರಜೆಗಳ ಪಟ್ಟಿ `Raje` ಅನ್ನುವ ಇನ್ನೊಂದು ಶೀಟಿನಲ್ಲಿ:

```
=NETWORKDAYS(A2,B2,Raje!$A$2:$A$200)
```

ಇದು ಶನಿವಾರ, ಭಾನುವಾರ ಎರಡನ್ನೂ ಪೂರ್ತಿ ರಜೆ ಅಂತಲೇ ಹಿಡಿಯುತ್ತದೆ. ವಾರಕ್ಕೆ ಐದೇ ದಿನ ಕೆಲಸ ಇರುವ ಐಟಿ ಕಂಪನಿಗೋ ಕೇಂದ್ರ ಸರ್ಕಾರದ ಕಚೇರಿಗೋ ಇದು ಸರಿ. ಆದರೆ ನಮ್ಮ ರಾಜ್ಯ ಸರ್ಕಾರದ ಕಚೇರಿಗಳಲ್ಲಿ ಹಾಗಿಲ್ಲವಲ್ಲ. ಇಲ್ಲಿ ಎರಡನೇ ಶನಿವಾರ ರಜೆ, 2019ರಿಂದ ನಾಲ್ಕನೇ ಶನಿವಾರವೂ ರಜೆ. ಒಂದನೇ, ಮೂರನೇ ಶನಿವಾರ ಕೆಲಸ ಇರುತ್ತದೆ, ಐದನೇದು ಬಂದರೆ ಅದೂ ಕೆಲಸದ ದಿನವೇ. ಬ್ಯಾಂಕುಗಳಲ್ಲೂ 2015ರ ಸೆಪ್ಟೆಂಬರಿನಿಂದ ಇದೇ ಕ್ರಮ.

ನಮ್ಮ ಲೆಕ್ಕದಲ್ಲಿ ಸೆಪ್ಟೆಂಬರ್ 29ರಿಂದ ಅಕ್ಟೋಬರ್ 31ರವರೆಗೆ ಒಟ್ಟು 33 ದಿನ. ಅದರಲ್ಲಿ ನಾಲ್ಕು ಭಾನುವಾರ, ನಾಲ್ಕು ಶನಿವಾರ. ಹಬ್ಬದ ರಜೆ ಐದು: ಅಕ್ಟೋಬರ್ 1 ಆಯುಧಪೂಜೆ, 2 ಗಾಂಧಿ ಜಯಂತಿ ಮತ್ತು ವಿಜಯದಶಮಿ, 7 ವಾಲ್ಮೀಕಿ ಜಯಂತಿ, 20 ನರಕ ಚತುರ್ದಶಿ, 22 ಬಲಿಪಾಡ್ಯಮಿ. ಮಗ ಹಾಕಿದ್ದು ಮೇಲಿನ ಫಾರ್ಮುಲಾ. 33ರಲ್ಲಿ ಎಂಟು ಕಳೆದು, ಐದು ಕಳೆದು 20 ಬಂತು. ಆದೇಶ ಬಂದ ದಿನ ಬಿಟ್ಟರೆ 19. ಅಕ್ಟೋಬರ್ 4 ಮತ್ತು 18, ಈ ಎರಡು ಶನಿವಾರ ಕಚೇರಿ ತೆರೆದಿತ್ತು ಅನ್ನೋದು ಆ ಫಾರ್ಮುಲಾಗೆ ಗೊತ್ತಿಲ್ಲ.

ಗುಮಾಸ್ತರು ಹಾಕಿದ್ದು ಇನ್ನೊಂದು ಫಾರ್ಮುಲಾ. ಅದರ ಹೆಸರು `NETWORKDAYS.INTL`. ಇದರಲ್ಲಿ ವಾರದ ರಜೆ ಯಾವುದು ಅಂತ ನಾವೇ ಹೇಳಬಹುದು, ಅದಕ್ಕೆ ಒಂದೊಂದು ಅಂಕಿ ಇದೆ. ಭಾನುವಾರ ಮಾತ್ರ ರಜೆ ಅನ್ನಲು 11. ಅವರು 11 ಹಾಕಿದರು, ಹಬ್ಬದ ಪಟ್ಟಿ ಕೊಟ್ಟರು. 33ರಲ್ಲಿ ನಾಲ್ಕು ಭಾನುವಾರ, ಐದು ಹಬ್ಬ ಹೋಗಿ 24 ಬಂತು, ಮೊದಲ ದಿನ ಬಿಟ್ಟರೆ 23. ಅಕ್ಟೋಬರ್ 11 ಮತ್ತು 25, ಎರಡನೇ ಮತ್ತು ನಾಲ್ಕನೇ ಶನಿವಾರ, ತಾವೇ ರಜೆಯಲ್ಲಿ ಮನೆಯಲ್ಲಿದ್ದ ಆ ಎರಡು ದಿನಗಳು ಅವರ ಲೆಕ್ಕದಲ್ಲಿ ಕೆಲಸದ ದಿನಗಳಾಗಿ ಕೂತಿದ್ದವು.

ಫಾರ್ಮುಲಾದಲ್ಲಿ "ಎರಡನೇ ಶನಿವಾರ ಮಾತ್ರ" ಅಂತ ಹೇಳುವ ಅಂಕಿ ಯಾವುದೂ ಇಲ್ಲ. ಇರುವುದು ಇಡೀ ವಾರಕ್ಕೆ ಅನ್ವಯಿಸುವ ಅಂಕಿಗಳು ಮಾತ್ರ. ಹಾಗಾಗಿ ದಾರಿ ಒಂದೇ: ವಾರದ ರಜೆ ಭಾನುವಾರ ಮಾತ್ರ ಅಂತ ಹೇಳಿ, ಎರಡನೇ ಮತ್ತು ನಾಲ್ಕನೇ ಶನಿವಾರಗಳನ್ನು ಹಬ್ಬಗಳ ಜೊತೆಗೆ ರಜಾ ಪಟ್ಟಿಗೇ ಸೇರಿಸಬೇಕು. ವರ್ಷಕ್ಕೆ 24 ಶನಿವಾರ. ಕ್ಯಾಲೆಂಡರ್ ನೋಡಿ ಟೈಪ್ ಮಾಡಬೇಕಾಗಿಲ್ಲ, ಅದಕ್ಕೂ ಒಂದು ಸುಲಭದ ಫಾರ್ಮುಲಾ ಇದೆ.

ರಜಾ ಪಟ್ಟಿ ಕಟ್ಟುವುದು

ಹೊಸ ಶೀಟು ತೆರೆದು ಅದಕ್ಕೆ `Raje` ಅಂತ ಹೆಸರಿಡಿ. ಶೀಟಿನ ಹೆಸರು ಕನ್ನಡದಲ್ಲೂ ಇಡಬಹುದು, ಆದರೆ ಫಾರ್ಮುಲಾ ಬರೆಯುವಾಗ ಪ್ರತಿ ಸಲ ಕೀಲಿಮಣೆ ಬದಲಿಸಬೇಕಾಗುತ್ತದೆ, ಸುಮ್ನೆ ತೊಂದರೆ. A ಕಾಲಮ್ಮಿನಲ್ಲಿ ದಿನಾಂಕ, B ಕಾಲಮ್ಮಿನಲ್ಲಿ ಯಾವ ರಜೆ ಅನ್ನುವ ಹೆಸರು, C ಕಾಲಮ್ಮನ್ನು ಆಮೇಲೆ ಬಳಸೋಣ. D ಕಾಲಮ್ಮಿನಲ್ಲಿ ಪ್ರತಿ ತಿಂಗಳ ಒಂದನೇ ತಾರೀಖು ಇರಲಿ. ಮೊದಲ ಸಾಲು ತಲೆಬರಹಕ್ಕೆ.

D2ನಲ್ಲಿ ಮೊದಲನೇದು, D3ನಲ್ಲಿ ಎರಡನೇದು ಬರೆದು, D3ನ್ನು D13ರವರೆಗೆ ಕೆಳಗೆ ಎಳೆಯಿರಿ:

```
=DATE(2025,1,1)
=EDATE(D2,1)
```

ಈಗ ಜನವರಿಯಿಂದ ಡಿಸೆಂಬರಿನವರೆಗೆ ಹನ್ನೆರಡು ಒಂದನೇ ತಾರೀಖು ಬಂದವು. ದಿನಾಂಕದ ಬದಲು 45658 ಥರದ ಅಂಕಿ ಕಂಡರೆ ಗಾಬರಿ ಬೇಡ. ಶೀಟು ಒಳಗೊಳಗೆ ಪ್ರತಿ ದಿನಕ್ಕೂ ಒಂದು ಅಂಕಿ ಇಟ್ಟುಕೊಂಡಿರುತ್ತದೆ, 2025ರ ಜನವರಿ 1 ಅಂದರೆ ಅದಕ್ಕೆ 45658. ಆ ಕಾಲಮ್ಮನ್ನು ಆರಿಸಿ ಫಾರ್ಮ್ಯಾಟನ್ನು ದಿನಾಂಕಕ್ಕೆ ಬದಲಿಸಿದರೆ ಸರಿಹೋಗುತ್ತದೆ.

ಇನ್ನು A2ನಲ್ಲಿ ಎರಡನೇ ಶನಿವಾರ. ಇದನ್ನು A13ರವರೆಗೆ ಎಳೆಯಿರಿ:

```
=D2+14-WEEKDAY(D2)
```

A14ರಲ್ಲಿ ನಾಲ್ಕನೇ ಶನಿವಾರ. ಇಲ್ಲೂ D2 ಅಂತಲೇ ಬರೆಯಬೇಕು, D14 ಅಲ್ಲ. ಇದನ್ನು A25ರವರೆಗೆ ಎಳೆಯಿರಿ:

```
=D2+28-WEEKDAY(D2)
```

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಸಲ ನೋಡಿಬಿಡಿ, ಆಮೇಲೆ ಮರೆಯೋದಿಲ್ಲ. `WEEKDAY` ಭಾನುವಾರಕ್ಕೆ 1, ಸೋಮವಾರಕ್ಕೆ 2, ಹೀಗೆ ಶನಿವಾರಕ್ಕೆ 7 ಕೊಡುತ್ತದೆ. 2025ರ ಅಕ್ಟೋಬರ್ 1 ಬುಧವಾರ, ಅಂದರೆ 4. ಏಳರಲ್ಲಿ ನಾಲ್ಕು ಹೋದರೆ ಮೂರು, ಒಂದನೇ ತಾರೀಖಿಗೆ ಮೂರು ಸೇರಿಸಿದರೆ 4ನೇ ತಾರೀಖು, ಮೊದಲ ಶನಿವಾರ. ಏಳರ ಬದಲು ಹದಿನಾಲ್ಕು ಹಾಕಿದರೆ ಒಂದು ವಾರ ಮುಂದೆ, 11ನೇ ತಾರೀಖು. ಇಪ್ಪತ್ತೆಂಟು ಹಾಕಿದರೆ 25. ಒಂದನೇ ತಾರೀಖೇ ಶನಿವಾರವಾದ ತಿಂಗಳಲ್ಲೂ ಲೆಕ್ಕ ತಪ್ಪೋದಿಲ್ಲ. 2025ರ ನವೆಂಬರ್ ಅಂಥದ್ದೇ, ಅಲ್ಲಿ ಎರಡನೇ ಶನಿವಾರ 8ನೇ ತಾರೀಖು ಅಂತ ಸರಿಯಾಗಿ ಬರುತ್ತದೆ.

A26ರಿಂದ ಕೆಳಗೆ ಹಬ್ಬದ ರಜೆಗಳು. ಇವನ್ನು ಮಾತ್ರ ಕೈಯಾರೆ ಹಾಕಬೇಕು, ಚಂದ್ರನ ತಿಥಿ ನೋಡಿ ಬದಲಾಗುವ ಹಬ್ಬಗಳಿಗೆ ಫಾರ್ಮುಲಾ ಇಲ್ಲ. ರಾಜ್ಯ ಸರ್ಕಾರ ಪ್ರತಿ ವರ್ಷ ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿ ಹೊರಡಿಸುತ್ತದಲ್ಲ, ಅದನ್ನೇ ಮುಂದಿಟ್ಟುಕೊಳ್ಳಿ. ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಬಣ್ಣದಲ್ಲಿರೋದನ್ನೆಲ್ಲ ನಂಬಬೇಡಿ.

2025ರ ಪಟ್ಟಿಯಲ್ಲಿ ಇದ್ದದ್ದು 19 ರಜೆ. ಗಣರಾಜ್ಯೋತ್ಸವ, ಯುಗಾದಿ, ಮೊಹರಂ ಕಡೆ ದಿನ, ಮಹಾಲಯ ಅಮಾವಾಸ್ಯೆ ಇವೆಲ್ಲ ಆ ವರ್ಷ ಭಾನುವಾರ ಬಂದವು, ಕನಕದಾಸ ಜಯಂತಿ ನವೆಂಬರ್ 8ರ ಎರಡನೇ ಶನಿವಾರವೇ ಬಂತು, ಹಾಗಾಗಿ ಅವನ್ನು ಪಟ್ಟಿಯಲ್ಲಿ ಸೇರಿಸಿರಲಿಲ್ಲ. ನಾವೂ ಹಾಕಬೇಕಾಗಿಲ್ಲ. ಭಾನುವಾರದ ಹಬ್ಬವನ್ನು ಯಾರಾದರೂ ಪಟ್ಟಿಗೆ ಸೇರಿಸಿದರೂ ಫಾರ್ಮುಲಾ ಅದನ್ನು ಎರಡು ಸಲ ಕಳೆಯೋದಿಲ್ಲ, ಆ ಭಯ ಬೇಡ.

ಸರ್ಕಾರದ ಅದೇ ರಜಾ ಆದೇಶದಲ್ಲಿ ಪರಿಮಿತ ರಜೆಗಳ ಇನ್ನೊಂದು ಉದ್ದನೆಯ ಪಟ್ಟಿ ಇರುತ್ತದೆ. ಅದನ್ನು ಇಲ್ಲಿ ಸೇರಿಸಬಾರದು. ಆ ದಿನ ಒಬ್ಬ ನೌಕರ ರಜೆ ತೆಗೆದುಕೊಳ್ಳಬಹುದು, ಆದರೆ ಕಚೇರಿ ತೆರೆದೇ ಇರುತ್ತದೆ. ಕೊಡಗಿನವರಿಗೆ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಅಂತ ಆ ಜಿಲ್ಲೆಗಷ್ಟೇ ಅನ್ವಯಿಸುವ ರಜೆಗಳಿವೆ. ಮಡಿಕೇರಿಯ ಕಚೇರಿಯ ಲೆಕ್ಕವಾದರೆ ಅವು ಬೇಕು, ತುಮಕೂರಿನದಾದರೆ ಬೇಡ. ಬ್ಯಾಂಕಿನ ಕೆಲಸದ ದಿನ ಎಣಿಸುತ್ತಿದ್ದರೆ ಬ್ಯಾಂಕಿನ ರಜಾ ಪಟ್ಟಿಯೇ ಬೇರೆ, ಏಪ್ರಿಲ್ 1ರ ವಾರ್ಷಿಕ ಲೆಕ್ಕದ ರಜೆ ಅದರಲ್ಲಿರುತ್ತದೆ, ಸರ್ಕಾರಿ ಕಚೇರಿಯ ಪಟ್ಟಿಯಲ್ಲಿ ಇರೋದಿಲ್ಲ. ಅಂದರೆ ಯಾರ ಕೆಲಸದ ದಿನ ಎಣಿಸುತ್ತಿದ್ದೀರೋ ಅವರ ಪಟ್ಟಿ ಬೇಕು, ನಿಮ್ಮದಲ್ಲ. ಅಂಗಡಿಯವರು ಭಾನುವಾರವೂ ಕೆಲಸ ಮಾಡಿರಬಹುದು, ಆದೇಶದಲ್ಲಿರುವ ಕೆಲಸದ ದಿನ ಅಂದರೆ ಕಚೇರಿಯದು.

ದಿನಾಂಕ ಟೈಪ್ ಮಾಡುವಾಗ ಇರುವ ಅಪಾಯ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ತಪ್ಪಾದರೆ ಶೀಟು ಏನೂ ಹೇಳದೆ ತಪ್ಪು ಉತ್ತರ ಕೊಟ್ಟುಬಿಡುತ್ತದೆ.

ನಾವು ದಿನ, ತಿಂಗಳು, ವರ್ಷ ಅಂತ ಬರೆಯುತ್ತೇವೆ. ಅಮೆರಿಕದವರು ತಿಂಗಳು ಮೊದಲು, ದಿನ ಆಮೇಲೆ. ಕಂಪ್ಯೂಟರ್ ಅಥವಾ ಗೂಗಲ್ ಶೀಟು ಅಮೆರಿಕದ ಕ್ರಮದಲ್ಲಿದ್ದರೆ ಏನಾಗುತ್ತದೆ ನೋಡಿ. ಅಕ್ಟೋಬರಿನ ಐದು ರಜೆಗಳನ್ನು ನಮ್ಮ ರೂಢಿಯಲ್ಲಿ 1/10/2025, 2/10/2025, 7/10/2025, 20/10/2025, 22/10/2025 ಅಂತ ಟೈಪ್ ಮಾಡುತ್ತೀರಿ. ಶೀಟು ಮೊದಲ ಮೂರನ್ನು ಜನವರಿ 10, ಫೆಬ್ರವರಿ 10, ಜುಲೈ 10 ಅಂತ ಓದಿಕೊಳ್ಳುತ್ತದೆ. ಕೊನೆಯ ಎರಡನ್ನು ಓದಲು ಆಗೋದಿಲ್ಲ, ಇಪ್ಪತ್ತನೇ ತಿಂಗಳು ಅಂತ ಇಲ್ಲವಲ್ಲ. ಅವನ್ನು ದಿನಾಂಕ ಅಂತ ಹಿಡಿಯದೆ ಬರೀ ಅಕ್ಷರ ಅಂತ ಇಟ್ಟುಕೊಳ್ಳುತ್ತದೆ, ಆಗ ಫಾರ್ಮುಲಾದಲ್ಲಿ `#VALUE!` ಕಾಣುತ್ತದೆ. ಅದನ್ನು ನೋಡಿದವರು ಆ ಎರಡನ್ನು ಹುಡುಕಿ ಸರಿಮಾಡುತ್ತಾರೆ. ದೋಷ ಮಾಯವಾಗುತ್ತದೆ, ಎಲ್ಲ ಸರಿಯಾಯಿತು ಅನ್ನಿಸುತ್ತದೆ. ಆದರೆ ಆಯುಧಪೂಜೆ, ವಿಜಯದಶಮಿ, ವಾಲ್ಮೀಕಿ ಜಯಂತಿ ಮೂರೂ ಬೇರೆ ತಿಂಗಳಿಗೆ ಹೋಗಿ ಕೂತಿವೆ. 22 ಬರಬೇಕಾದ ಕಡೆ 25 ಬರುತ್ತದೆ, ಯಾವ ಎಚ್ಚರಿಕೆಯೂ ಇಲ್ಲ.

ಇದಕ್ಕೆ ಮೊದಲು ಶೀಟಿನ ಕ್ರಮವನ್ನೇ ಭಾರತಕ್ಕೆ ಬದಲಿಸಿ. ಗೂಗಲ್ ಶೀಟ್ಸ್‌ನಲ್ಲಿ `File`, ಆಮೇಲೆ `Settings`, ಅಲ್ಲಿ `Locale` ಅಂತ ಇರುವ ಕಡೆ `India` ಆರಿಸಿದರೆ ಆಯಿತು. ಎಕ್ಸೆಲ್ ವಿಂಡೋಸ್‌ನ `Region` ಸೆಟ್ಟಿಂಗ್ ನೋಡಿಕೊಂಡು ನಡೆಯುತ್ತದೆ, ಅಲ್ಲಿ `English (India)` ಇರಲಿ. ಈ ಬದಲಾವಣೆ ಮಾಡಿದ ಮೇಲೆ ದಿನಾಂಕಗಳನ್ನು ಹೊಸದಾಗಿ ಟೈಪ್ ಮಾಡಿ, ಹಳೆಯವು ಆಗಲೇ ತಪ್ಪಾಗಿ ಒಳಗೆ ಹೋಗಿರುತ್ತವೆ.

ಆಮೇಲೆ C ಕಾಲಮ್ಮಿನಲ್ಲಿ, ನಾವು ಖಾಲಿ ಬಿಟ್ಟಿದ್ದೆವಲ್ಲ, C2ರಲ್ಲಿ ಇದನ್ನು ಬರೆದು ಪಟ್ಟಿ ಇರುವಷ್ಟು ಕೆಳಗೆ ಎಳೆಯಿರಿ:

```
=TEXT(A2,"dddd")
```

ಇದು ಆ ದಿನಾಂಕದ ವಾರವನ್ನು ತೋರಿಸುತ್ತದೆ. ಸರ್ಕಾರದ ಪಟ್ಟಿಯಲ್ಲೂ ಪ್ರತಿ ರಜೆಯ ಎದುರಿಗೆ ವಾರ ಅಚ್ಚಾಗಿರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಒಂದೊಂದೇ ಸಾಲು ಬೆರಳಿಟ್ಟು ನೋಡಿಕೊಂಡು ಬನ್ನಿ. ವಾಲ್ಮೀಕಿ ಜಯಂತಿ ಮಂಗಳವಾರ. ನಿಮ್ಮ ಶೀಟಿನಲ್ಲಿ `Thursday` ಅಂತ ಬಂದರೆ ಅದು ಅಕ್ಟೋಬರ್ 7 ಅಲ್ಲ, ಜುಲೈ 10. ಮೊದಲ 24 ಸಾಲಿನಲ್ಲಿ ಎಲ್ಲವೂ `Saturday` ಇರಬೇಕು. ಕೊನೆಗೆ ಯಾವುದಾದರೂ ಖಾಲಿ ಸೆಲ್‌ನಲ್ಲಿ ಇದನ್ನು ಹಾಕಿ:

```
=COUNT(A2:A200)
```

`COUNT` ದಿನಾಂಕಗಳನ್ನು ಮಾತ್ರ ಎಣಿಸುತ್ತದೆ, ಅಕ್ಷರವಾಗಿ ಕೂತಿರೋದನ್ನು ಎಣಿಸೋದಿಲ್ಲ. 24 ಶನಿವಾರ, 19 ಹಬ್ಬ ಸೇರಿ 2025ಕ್ಕೆ 43 ಬರಬೇಕು. 41 ಬಂದರೆ ಎರಡು ದಿನಾಂಕ ದಿನಾಂಕವಾಗಿಲ್ಲ ಅಂತ ಅರ್ಥ. ವಾರ ತಾಳೆಯಾಗಿ, 43 ಬಂದರೆ ಪಟ್ಟಿ ಗಟ್ಟಿ.

ಈಗ ಎಣಿಸುವ ಫಾರ್ಮುಲಾ

ಮೊದಲ ಶೀಟಿಗೆ ಬನ್ನಿ. A2ನಲ್ಲಿ 29/09/2025, B2ನಲ್ಲಿ 31/10/2025, C2ನಲ್ಲಿ:

```
=NETWORKDAYS.INTL(A2,B2,11,Raje!$A$2:$A$200)
```

22 ಬರುತ್ತದೆ. 33 ದಿನದಲ್ಲಿ ನಾಲ್ಕು ಭಾನುವಾರ, ಎರಡು ಶನಿವಾರ, ಐದು ಹಬ್ಬ, ಒಟ್ಟು ಹನ್ನೊಂದು ಹೋಯಿತು. A200ರವರೆಗೆ ಹಿಡಿದಿರೋದು ಮುಂದೆ ರಜೆ ಸೇರಿಸಲು ಜಾಗ ಇರಲಿ ಅಂತ, ಖಾಲಿ ಸೆಲ್‌ಗಳಿಂದ ಲೆಕ್ಕಕ್ಕೇನೂ ತೊಂದರೆಯಿಲ್ಲ. ತಲೆಬರಹ ಇರುವ A1ನ್ನು ಮಾತ್ರ ಸೇರಿಸಬೇಡಿ, ಅದು ಅಕ್ಷರ, `#VALUE!` ಬರುತ್ತದೆ.

ಡಾಲರ್ ಗುರುತುಗಳನ್ನು ಬಿಡಬೇಡಿ. ಅವು ಇಲ್ಲದೆ ಫಾರ್ಮುಲಾವನ್ನು ಕೆಳಗೆ ಎಳೆದರೆ ಪಟ್ಟಿಯೂ ಒಂದೊಂದು ಸಾಲು ಕೆಳಗೆ ಜಾರುತ್ತಾ ಹೋಗುತ್ತದೆ. ಎರಡನೇ ಆದೇಶಕ್ಕೆ ಜನವರಿಯ ಎರಡನೇ ಶನಿವಾರ ಬಿಟ್ಟುಹೋಯಿತು, ಮೂರನೇದಕ್ಕೆ ಫೆಬ್ರವರಿಯದೂ ಹೋಯಿತು. ಮೂವತ್ತು ಸಾಲು ಕೆಳಗೆ ಬರುವ ಹೊತ್ತಿಗೆ ಒಂದು ಶನಿವಾರವೂ ಉಳಿದಿರೋದಿಲ್ಲ. ಮೇಲಿನ ಸಾಲು ಸರಿ, ಕೆಳಗಿನ ಸಾಲು ತಪ್ಪು ಅಂತ ಯಾರಾದರೂ ಹೇಳಿದರೆ ನಾನು ಮೊದಲು ನೋಡೋದೇ ಇದನ್ನು.

ಇನ್ನೊಂದು ಮುಖ್ಯ ಮಾತು. ಈ ಫಾರ್ಮುಲಾ ಶುರುವಿನ ದಿನ, ಕೊನೆಯ ದಿನ ಎರಡನ್ನೂ ಎಣಿಸುತ್ತದೆ. ಆದೇಶದಲ್ಲಿ ಮೊದಲ ದಿನ ಬಿಟ್ಟು ಅಂತ ಇದ್ದರೆ ತುಂಬಾ ಜನ ಕೊನೆಯಲ್ಲಿ ಒಂದು ಕಳೆಯುತ್ತಾರೆ. ಮಗನೂ ಗುಮಾಸ್ತರೂ ಇಬ್ಬರೂ ಹಾಗೇ ಮಾಡಿದ್ದರು. ಶುರುವಿನ ದಿನ ಕೆಲಸದ ದಿನವಾಗಿದ್ದರೆ ಅದರಿಂದ ತಪ್ಪಾಗೋದಿಲ್ಲ. ಆದರೆ ಆದೇಶ ಸೆಪ್ಟೆಂಬರ್ 28ರ ಭಾನುವಾರ ಇಮೇಲಿನಲ್ಲಿ ಬಂದಿತ್ತು ಅಂದುಕೊಳ್ಳಿ. ಭಾನುವಾರವನ್ನು ಫಾರ್ಮುಲಾ ಎಣಿಸಿಯೇ ಇಲ್ಲ, 22 ಬಂದಿದೆ. ಅದರಲ್ಲಿ ಇನ್ನೊಂದು ಕಳೆದರೆ ಸೋಮವಾರದ ನಿಜವಾದ ಕೆಲಸದ ದಿನ ಹೋಗಿಬಿಡುತ್ತದೆ. ಅದಕ್ಕೆ ಕೊನೆಯಲ್ಲಿ ಕಳೆಯಬೇಡಿ, ಶುರುವನ್ನೇ ಒಂದು ದಿನ ಮುಂದಿಡಿ:

```
=NETWORKDAYS.INTL(A2+1,B2,11,Raje!$A$2:$A$200)
```

29ರ ಸೋಮವಾರಕ್ಕೆ 21, 28ರ ಭಾನುವಾರಕ್ಕೆ 22. ಎರಡೂ ಸರಿ. ಮೊದಲ ದಿನ ಎಣಿಸಬೇಕೋ ಬೇಡವೋ ಅಂತ ಶೀಟು ಹೇಳಲಾರದು, ಅದನ್ನು ಆದೇಶವನ್ನೋ ಒಪ್ಪಂದವನ್ನೋ ಓದಿಯೇ ತೀರ್ಮಾನಿಸಬೇಕು. ಹಾಗೆಯೇ ಅವಧಿಯನ್ನು ಕೆಲಸದ ದಿನದಲ್ಲಿ ಹೇಳಿದ್ದಾರಾ, ಬರೀ ದಿನ ಅಂದಿದ್ದಾರಾ ಅಂತಲೂ ನೋಡಿ. ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಕೊಡಲು ಇರುವ 30 ದಿನ ಬರೀ ದಿನ, ಅದರಲ್ಲಿ ಭಾನುವಾರವೂ ಬಂತು, ಹಬ್ಬವೂ ಬಂತು. ಅಲ್ಲಿಗೆ ಈ ಫಾರ್ಮುಲಾ ಬೇಡವೇ ಬೇಡ, ಕೊನೆಯ ದಿನದಲ್ಲಿ ಮೊದಲ ದಿನ ಕಳೆದರೆ ಸಾಕು.

ಮಾಲು ಇನ್ನೂ ತಲುಪಿಲ್ಲ, B2 ಖಾಲಿ ಇದೆ ಅಂದರೆ ಉತ್ತರದ ಜಾಗದಲ್ಲಿ ದೊಡ್ಡ ಋಣ ಸಂಖ್ಯೆ ಕಾಣುತ್ತದೆ. ಖಾಲಿ ಸೆಲ್ಲನ್ನು ಶೀಟು ಸೊನ್ನೆ ಅಂತ ಹಿಡಿದು ಹಿಂದಕ್ಕೆ ಎಣಿಸಿಬಿಡುತ್ತದೆ. ಅಂಥ ಸಾಲಿಗೆ ಇವತ್ತಿನವರೆಗೆ ಎಷ್ಟು ದಿನ ಆಯಿತು ಅಂತ ತೋರಿಸೋದು ಉಪಯೋಗ:

```
=NETWORKDAYS.INTL(A2+1,IF(B2="",TODAY(),B2),11,Raje!$A$2:$A$200)
```

ಆದೇಶ ಬಂದ ದಿನವೇ ಕೊನೆಯ ದಿನ ಯಾವುದು ಅಂತ ಗೊತ್ತಾದರೆ ಇನ್ನೂ ಒಳ್ಳೆಯದು, ಅಲ್ವಾ? ಅದಕ್ಕೆ ಇದರ ಜೋಡಿ ಫಾರ್ಮುಲಾ ಇದೆ:

```
=WORKDAY.INTL(A2,21,11,Raje!$A$2:$A$200)
```

ಇದು ಶುರುವಿನ ದಿನವನ್ನು ತಾನಾಗೇ ಬಿಟ್ಟು, ಮುಂದಿನ ದಿನದಿಂದ 21 ಎಣಿಸುತ್ತದೆ. ಹಾಗಾಗಿ ಇಲ್ಲಿ A2+1 ಹಾಕಬಾರದು. ನಮ್ಮ ಲೆಕ್ಕಕ್ಕೆ 45961 ಅಂತ ಬಂದರೆ ಫಾರ್ಮ್ಯಾಟ್ ದಿನಾಂಕಕ್ಕೆ ಬದಲಿಸಿ, 31 ಅಕ್ಟೋಬರ್ 2025 ಅಂತ ಕಾಣುತ್ತದೆ. ಒಂದು ಫಾರ್ಮುಲಾ 21 ದಿನ ಅಂದು, ಇನ್ನೊಂದು ಅದೇ 21ಕ್ಕೆ ಅದೇ ದಿನಾಂಕ ಕೊಟ್ಟರೆ ಎರಡೂ ಒಂದಕ್ಕೊಂದು ಸಾಕ್ಷಿ.

11ರ ಬದಲು ಬೇರೆ ಅಂಕಿ ಬೇಕಾಗುವವರೂ ಇದ್ದಾರೆ. ಮಂಗಳವಾರ ಬಾಗಿಲು ಹಾಕುವ ಅಂಗಡಿಗೆ 13. ಸೌದಿಯಲ್ಲಿ ಕೆಲಸ ಮಾಡುವ ನಮ್ಮವರಿಗೆ ಶುಕ್ರವಾರ, ಶನಿವಾರ ರಜೆ, ಅದಕ್ಕೆ 7. ಯಾವ ಅಂಕಿಯೂ ಹೊಂದದಿದ್ದರೆ ಆ ಜಾಗದಲ್ಲಿ ಸೋಮವಾರದಿಂದ ಶುರುಮಾಡಿ ಏಳು ಅಂಕಿ ಬರೆಯಬಹುದು, ರಜೆಯ ದಿನ 1, ಕೆಲಸದ ದಿನ 0. `"0010001"` ಅಂದರೆ ಬುಧವಾರ ಮತ್ತು ಭಾನುವಾರ ರಜೆ. ಸುತ್ತ ಇರುವ ಉದ್ಧರಣ ಚಿಹ್ನೆ ಬಿಡಬಾರದು.

ಇದ್ದಕ್ಕಿದ್ದ ಹಾಗೆ ಘೋಷಿಸುವ ರಜೆ

ವರ್ಷದ ಮೊದಲು ಹಾಕಿದ ಪಟ್ಟಿ ವರ್ಷವಿಡೀ ಹಾಗೇ ಇರುತ್ತದೆ ಅಂತ ನಂಬುವಂತಿಲ್ಲ. 2024ರ ಡಿಸೆಂಬರ್ 10ರಂದು ಎಸ್.ಎಂ. ಕೃಷ್ಣ ಅವರು ತೀರಿಕೊಂಡಾಗ ರಾಜ್ಯ ಸರ್ಕಾರ ಮರುದಿನ, ಬುಧವಾರ, ರಜೆ ಘೋಷಿಸಿತು. ಅದೇ ತಿಂಗಳು 26ರ ರಾತ್ರಿ ಮನಮೋಹನ್ ಸಿಂಗ್ ಅವರು ತೀರಿಕೊಂಡರು, 27ರ ಶುಕ್ರವಾರವೂ ರಜೆಯಾಯಿತು. ಡಿಸೆಂಬರ್ 2ರಿಂದ 31ರವರೆಗೆ ಹಳೆಯ ಪಟ್ಟಿಯಲ್ಲಿ ಎಣಿಸಿದರೆ 23 ಕೆಲಸದ ದಿನ. ಈ ಎರಡನ್ನು ಸೇರಿಸಿದರೆ 21. ದಂಡದ ಲೆಕ್ಕದಲ್ಲಿ ಎರಡು ದಿನ ಸಣ್ಣದಲ್ಲ.

ಇಂಥ ರಜೆ ಘೋಷಣೆಯಾದ ದಿನವೇ ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿ, B ಕಾಲಮ್ಮಿನಲ್ಲಿ ಯಾಕೆ ರಜೆ ಅಂತಲೂ ಬರೆದಿಡಿ. ಆರು ತಿಂಗಳ ನಂತರ ಯಾರಾದರೂ ಇದೇನು ಈ ಬುಧವಾರ ಅಂತ ಕೇಳಿದಾಗ ಬೇಕಾಗುತ್ತದೆ. ಸರ್ಕಾರಿ ಕಚೇರಿಗೆ ರಜೆ ಅಂದ ಮಾತ್ರಕ್ಕೆ ಬ್ಯಾಂಕಿಗೂ ರಜೆ ಅಂತಲ್ಲ, ಅದನ್ನು ಬೇರೆಯಾಗಿ ನೋಡಿಕೊಳ್ಳಿ. ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ಕೊಡುವ ರಜೆಯೂ ಕಚೇರಿಯ ರಜೆಯಲ್ಲ.

ಡಿಸೆಂಬರಿನಲ್ಲಿ ಬಂದ ಆದೇಶದ ಗಡುವು ಜನವರಿಗೆ ಹೋಗುತ್ತದೆ. ಆಗ ಹಳೆಯ ವರ್ಷದ ರಜೆಗಳನ್ನು ಅಳಿಸಿ ಹೊಸ ವರ್ಷದ್ದು ಹಾಕಿದರೆ ಡಿಸೆಂಬರಿನ ಭಾಗ ಕೆಡುತ್ತದೆ. ಎರಡೂ ವರ್ಷದ ರಜೆಗಳು ಒಂದೇ A ಕಾಲಮ್ಮಿನಲ್ಲಿ ಒಂದರ ಕೆಳಗೊಂದು ಇರಲಿ. ನಾನು ಹಳೆಯ ವರ್ಷದ 24 ಶನಿವಾರಗಳನ್ನು ಕಾಪಿ ಮಾಡಿ ಪಟ್ಟಿಯ ಕೊನೆಗೆ ಬರೀ ದಿನಾಂಕಗಳಾಗಿ ಅಂಟಿಸುತ್ತೇನೆ, ಅಂಟಿಸುವಾಗ `Paste values` ಆರಿಸಬೇಕು, ಆಮೇಲಷ್ಟೇ D2ರಲ್ಲಿ ವರ್ಷ ಬದಲಿಸುತ್ತೇನೆ. ಮೇಲಿನ 24 ಸಾಲು ತಾವಾಗೇ ಹೊಸ ವರ್ಷದ ಶನಿವಾರಗಳಾಗುತ್ತವೆ, ಹೊಸ ಹಬ್ಬಗಳನ್ನು ಕೆಳಗೆ ಸೇರಿಸಿದರೆ ಆಯಿತು.

ಎದುರಿನವರಿಗೆ ತೋರಿಸುವುದು

ಒಂದೇ ಸೆಲ್‌ನಲ್ಲಿ 21 ಅಂತ ತೋರಿಸಿದರೆ, ಆಗಲೇ 23 ಅಂತ ಬರೆದಿಟ್ಟುಕೊಂಡವರು ಒಪ್ಪೋದಿಲ್ಲ. ಅವರದ್ದೂ ಕಂಪ್ಯೂಟರ್ ಕೊಟ್ಟ ಉತ್ತರವೇ. ಹಾಗಾಗಿ ದಿನದಿನವನ್ನೂ ಬಿಡಿಸಿ ತೋರಿಸುವ ಒಂದು ಶೀಟು ಮಾಡಿದೆ. ಒಂದು ಹೊಸ ಶೀಟಿನ A2ನಲ್ಲಿ 30/09/2025, A3ನಲ್ಲಿ `=A2+1`, ಅದನ್ನು ಅಕ್ಟೋಬರ್ 31 ಬರುವವರೆಗೆ ಎಳೆದರೆ 32 ಸಾಲು. B ಕಾಲಮ್ಮಿನಲ್ಲಿ ವಾರ, ಮೇಲೆ ಹೇಳಿದ `TEXT` ಫಾರ್ಮುಲಾ. C2ನಲ್ಲಿ ಇದನ್ನು ಬರೆದು ಕೆಳಗೆ ಎಳೆಯಿರಿ:

```
=NETWORKDAYS.INTL(A2,A2,11,Raje!$A$2:$A$200)
```

ಶುರುವೂ ಕೊನೆಯೂ ಒಂದೇ ದಿನವಾದ್ದರಿಂದ ಕೆಲಸದ ದಿನವಾದರೆ 1, ರಜೆಯಾದರೆ 0 ಬರುತ್ತದೆ. ಸೊನ್ನೆಗಳ ಎದುರಿಗೆ ಯಾವ ರಜೆ ಅಂತ ನಾನೇ ಟೈಪ್ ಮಾಡಿದೆ, ಹನ್ನೊಂದು ಸೊನ್ನೆ. ಕೆಳಗೆ C ಕಾಲಮ್ಮಿನ ಮೊತ್ತ, 21. ಒಂದು ಪುಟದಲ್ಲಿ ಮುಗಿಯಿತು.

ಪ್ರಿಂಟ್ ತೆಗೆದುಕೊಂಡು ಯಜಮಾನರ ಜೊತೆ ನಾನೇ ಹೋದೆ. ಗುಮಾಸ್ತರು ಕನ್ನಡಕ ಹಾಕಿಕೊಂಡು, ಹಿಂದಿನ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಮೇಜಿನ ಮೇಲಿಟ್ಟು, ಪೆನ್ನಿನಲ್ಲಿ ಒಂದೊಂದೇ ಸೊನ್ನೆಗೆ ಟಿಕ್ ಹಾಕುತ್ತಾ ಬಂದರು. ಅಕ್ಟೋಬರ್ 11ರ ಹತ್ತಿರ ಪೆನ್ನು ನಿಂತಿತು. "ಎರಡನೇ ಶನಿವಾರ ಅಲ್ವಾ ಇದು" ಅಂದರು. 25ಕ್ಕೂ ಟಿಕ್ ಹಾಕಿದರು. ಆಮೇಲೆ ತಮ್ಮ ಕಂಪ್ಯೂಟರಿನಲ್ಲಿ ಆ ಶೀಟು ತೆರೆದು, ಅದರಲ್ಲಿ ಇನ್ನೂ ಹದಿನಾಲ್ಕು ಆದೇಶಗಳಿವೆ, ಅವನ್ನೂ ಇದೇ ಥರ ಸರಿಮಾಡಬೇಕು, ಆ ಶನಿವಾರದ ಫಾರ್ಮುಲಾ ಇಲ್ಲಿ ಬರೆದುಕೊಡಿ ಸಾರ್ ಅಂದರು. ಪ್ರಿಂಟಿನ ಹಿಂಬದಿಯಲ್ಲೇ ಬರೆದುಕೊಟ್ಟೆ.